ಅರವತ್ತು ಗ್ರಾಮಿನ ತುಂಡು

ನಮ್ಮ ಮನೆಯಲ್ಲಿ ಕೇಕು ಮಾಡುವುದು ಅವ್ವನ ಕೆಲಸ, ತಿನ್ನುವುದು ನಮ್ಮ ಕೆಲಸ. ದುಂಡಗಿನ ಅಲ್ಯೂಮಿನಿಯಂ ಓವನ್ನಿನಲ್ಲಿ ಮೊಟ್ಟೆ ಹಾಕದ ಕೇಕು ಬೇಯಿಸಿ, ಆರುವ ಮೊದಲೇ ಚಾಕು ಹಿಡಿದು ಕೂರುತ್ತಿದ್ದಳು. ಅವಳ ಪಾಲು ಮಾಡುವ ರೀತಿಗೆ ಲೆಕ್ಕ ಇರಲಿಲ್ಲ, ಪಕ್ಷಪಾತ ಇತ್ತು. ದೊಡ್ಡ ತುಂಡುಗಳು ನನಗೆ, ತಮ್ಮನಿಗೆ, ಅಪ್ಪನಿಗೆ. ಒಂದೆರಡು ಎದುರು ಫ್ಲ್ಯಾಟಿನವರಿಗೆ. ಎಲ್ಲ ಮುಗಿದ ಮೇಲೆ ಕೇಕಿನ ತಳಕ್ಕೆ ಹಾಕಿದ್ದ ಬೆಣ್ಣೆ ಕಾಗದವನ್ನು ಎತ್ತಿಕೊಂಡು, ಅದಕ್ಕೆ ಅಂಟಿದ ಕಂದು ಹೊಪ್ಪಳಿಕೆಯನ್ನು ಚಾಕುವಿನಿಂದ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ನಿನಗ ತುಂಡ ಎಲ್ಲಿ?" ಎಂದರೆ, "ನನಗ ಇದ ಛಲೋ. ರುಚಿ ಎಲ್ಲಾ ತಳದಾಗ ಇರ್ತೈತಿ," ಎನ್ನುತ್ತಿದ್ದಳು. ನಾನು ಮದುವೆಯಾಗುವ ತನಕ ಇದನ್ನು ನಿಜವೆಂದೇ ನಂಬಿದ್ದೆ.

ಅವ್ವನಿಗೆ ಪಿತ್ತಕೋಶದ ಕ್ಯಾನ್ಸರ್ ಎಂದು ತಿಳಿದು ನಾನು ತವರಿಗೆ ಬಂದು ನಿಂತಾಗ ಹೈದರಾಬಾದಿನ ಕೂಕಟ್‌ಪಲ್ಲಿಯ ದೊಡ್ಡ ರಸ್ತೆಯನ್ನು ಮೆಟ್ರೊಗಾಗಿ ಅಗೆದು ಹಾಕಿದ್ದರು. ಆಸ್ಪತ್ರೆಗೆ ಹೋಗಿಬರುವಷ್ಟರಲ್ಲಿ ಗಟ್ಟಿ ಮನುಷ್ಯರೇ ಸುಸ್ತಾಗುತ್ತಿದ್ದರು, ಅವ್ವನದನ್ನು ಕೇಳುವುದೇ ಬೇಡ. ಎರಡು ಸಲ ಕೀಮೊ ಆದ ಮೇಲೆ ಅನ್ನ ಕಂಡರೆ ಮುಖ ತಿರುಗಿಸತೊಡಗಿದಳು. ರೊಟ್ಟಿ ಮಣ್ಣು ತಿಂದಂತೆ ಆಗುತ್ತದೆ ಎಂದಳು. ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: ತೂಕ ಇನ್ನೂ ಇಳಿದರೆ ಮುಂದಿನ ಕೀಮೊ ಕೊಡಲಾಗದು, ದೇಹ ತಡೆಯುವುದಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ದೇವರೆಂದರೆ ತೂಕ.

ಆಸ್ಪತ್ರೆಯ ಡಯಟೀಷಿಯನ್ ತೆಲುಗು ಹುಡುಗಿ. ಸ್ವಲ್ಪದರಲ್ಲೇ ಹೆಚ್ಚು ಶಕ್ತಿ ಇರುವುದನ್ನು ಕೊಡಿ, ಆಂಟಿಗೆ ಏನು ಇಷ್ಟ ಎಂದು ಕೇಳಿದಳು. ಕೇಕು ಅಂದೆ. ಹಾಗಾದರೆ ಬೆಣ್ಣೆ, ಬಾದಾಮಿ ಪುಡಿ, ಹಾಲಿನ ಪುಡಿ ಎಲ್ಲ ಹಾಕಿ ಮಾಡಿ, ಒಂದೊಂದು ತುಂಡಿನಲ್ಲಿ ಇನ್ನೂರ ನಲವತ್ತು ಕ್ಯಾಲರಿ ಇರಲಿ, ದಿನಕ್ಕೆ ಮೂರು ತುಂಡು ತಿನ್ನಲಿ, ಉಳಿದದ್ದು ಗಂಜಿ, ಹಾಲು ಎಂದಳು.

ಕೇಕು ಮಾಡುವ ಕೆಲಸ ನನ್ನ ಪಾಲಿಗೆ ಬಂತು, ಲೆಕ್ಕ ಅಪ್ಪನ ಪಾಲಿಗೆ. ಅಪ್ಪ ಸರ್ಕಾರಿ ಲೆಕ್ಕಪತ್ರ ವಿಭಾಗದಲ್ಲಿ ಸವೆದು ನಿವೃತ್ತರಾದವರು. ಅಡುಗೆಮನೆಯೊಳಗೆ ನೀರು ಕುಡಿಯಲು ಬಿಟ್ಟರೆ ಕಾಲಿಟ್ಟವರಲ್ಲ. ಈಗ ಡಿಜಿಟಲ್ ತಕ್ಕಡಿ ತಂದು ಕಟ್ಟೆಯ ಮೇಲೆ ಪ್ರತಿಷ್ಠಾಪನೆ ಮಾಡಿ, ಕನ್ನಡಕ ಏರಿಸಿ ನಿಂತರು. ಮೈದಾ, ಮಿಲ್ಕ್‌ಮೇಡಿನಂಥ ಗಟ್ಟಿ ಹಾಲಿನ ಡಬ್ಬಿ, ಬೆಣ್ಣೆ, ಒಂದೊಂದನ್ನೂ ತೂಗಿಸಿ ಅದರದರ ಕ್ಯಾಲರಿ ಕೂಡಿಸಿದರು. ಮೊತ್ತ ಮೂರು ಸಾವಿರದ ಮುನ್ನೂರ ಅರವತ್ತು. ಕಲಸಿದ ಹಿಟ್ಟನ್ನು ತೂಗಿದರೆ ಒಂಬೈನೂರ ಅರವತ್ತು ಗ್ರಾಂ. ಭಾಗಿಸಿ, "ಗ್ರಾಮಿಗೆ ಮೂರೂವರಿ. ತುಂಡಿಗೆ ಅರವತ್ತೊಂಬತ್ತು ಗ್ರಾಂ," ಎಂದು ತೀರ್ಪು ಕೊಟ್ಟರು. ಕೇಕು ಬೆಂದ ಮೇಲೆ ಅಷ್ಟಷ್ಟು ತೂಗಿ ಕತ್ತರಿಸಿದೆವು.

ಅವ್ವ ಆ ತುಂಡಿನ ಮುಂದೆ ಕೂರುತ್ತಿದ್ದುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಹಾಲಿನಲ್ಲಿ ಅದ್ದಿ ಅದ್ದಿ ಮುಕ್ಕಾಲು ಪಾಲು ಹೇಗೋ ಇಳಿಸುವಳು. ಕೊನೆಯ ಎರಡು ತುತ್ತಿಗೆ ಕಣ್ಣಲ್ಲಿ ನೀರು ತುಂಬುತ್ತಿತ್ತು. ಎಷ್ಟೋ ಸಲ ಆ ಎರಡು ತುತ್ತಿನ ಹಟಕ್ಕೆ ಇಡೀ ತುಂಡೇ ವಾಂತಿಯಾಗಿ ಹೋಗುತ್ತಿತ್ತು.

"ಸಾಕ್ರಿ, ಹೊಟ್ಟಿ ತುಂಬೇತಿ," ಎಂದು ಬೇಡುವಳು.

"ಇಷ್ಟ ಐತಿ, ನುಂಗಿಬಿಡು," ಅಪ್ಪ ಬಗ್ಗುತ್ತಿರಲಿಲ್ಲ. "ಕಡಿಮಿ ಆದ್ರ ಲೆಕ್ಕ ತಪ್ಪತೈತಿ."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ತೂಕ ಇಳಿದೀತೆಂಬ ಅವರ ಹೆದರಿಕೆ ನನಗೂ ಇತ್ತು, ಹಾಲಿನ ಲೋಟವನ್ನು ಅವ್ವನ ಹತ್ತಿರ ಸರಿಸುತ್ತಿದ್ದೆ.

ಮುಂದಿನ ಸಲ ಹೋದಾಗ ಅಪ್ಪ ಹೆಮ್ಮೆಯಿಂದಲೇ ಲೆಕ್ಕ ಒಪ್ಪಿಸಿದರು. ಹುಡುಗಿ ಕೇಳಿಕೊಂಡು, "ಅಂಕಲ್, ತೂಕ ನೋಡಿದ್ದು ಬೇಯಿಸುವ ಮೊದಲಾ, ಆಮೇಲಾ?" ಎಂದಳು. ಮೊದಲು ಎಂದರು ಅಪ್ಪ. ಒಲೆಯಲ್ಲಿ ನೀರು ಆವಿಯಾಗಿ ಹೋಗುತ್ತದೆ, ಕ್ಯಾಲರಿ ಹೋಗುವುದಿಲ್ಲ ಎಂದಳು ಅವಳು. ಮೊತ್ತ ಅಷ್ಟೇ ಇರುತ್ತದೆ, ಕೇಕು ಹಗುರಾಗುತ್ತದೆ. ಪೂರ್ತಿ ಆರಿದ ಮೇಲೆ ತೂಗಿ, ಆ ತೂಕದಿಂದ ಭಾಗಿಸಿ.

ಮರುದಿನವೇ ಇನ್ನೊಂದು ಕೇಕು. ಅಪ್ಪ ಅದು ಆರುವ ತನಕ ಬಾಣಂತಿ ಕಾಯ್ದಂತೆ ಕಾಯ್ದರು. ಕಾಗದ ಬಿಡಿಸಿ, ತಳದ ಹೊಪ್ಪಳಿಕೆಯನ್ನೂ ನನ್ನಿಂದ ಕೆರೆಸಿ ತಕ್ಕಡಿಗೆ ಹಾಕಿಸಿದರು. "ಅದರಾಗೂ ಕ್ಯಾಲರಿ ಐತಿ, ಬಿಟ್ರ ಮೊತ್ತಕ್ಕ ಕೂಡೂದಿಲ್ಲ." ಎಂಟುನೂರ ನಲವತ್ತು ಗ್ರಾಂ. ಗ್ರಾಮಿಗೆ ನಾಲ್ಕು ಕ್ಯಾಲರಿ. ಅರವತ್ತು ಗ್ರಾಮಿನ ಹದಿನಾಲ್ಕು ತುಂಡು, ಶೇಷ ಸೊನ್ನೆ. ಹಳೆಯ ತುಂಡಿಗಿಂತ ಒಂಬತ್ತು ಗ್ರಾಂ ಕಡಿಮೆ. ಎಂದರೆ ಆ ಕೊನೆಯ ಎರಡು ತುತ್ತು.

ಅಪ್ಪ ಒಂದು ತುಂಡನ್ನು ತಟ್ಟೆಗೆ ಹಾಕಿದರು. ಆಮೇಲೆ ತಟ್ಟೆಯನ್ನು ತಾವೇ ಒಯ್ದು ಅವ್ವನ ಮುಂದಿಟ್ಟು, "ಸಣ್ಣದ ಐತಿ, ಆದ್ರ ಪೂರ್ತಿ ಐತಿ," ಎಂದರು. ಅವ್ವ ಅದನ್ನು ತಿಂದು ಮುಗಿಸಿದಳು. ಖಾಲಿ ತಟ್ಟೆಯನ್ನು ನಮಗೆಲ್ಲ ತೋರಿಸಿದಳು.

ಅವತ್ತು ನನಗೆ ಒಂದು ವಿಷಯ ಹೊಳೆಯಿತು. ಅವ್ವನಿಗೆ ಇಡೀ ಜನ್ಮದಲ್ಲಿ ಸರಿಯಾದ ಒಂದು ತುಂಡು ಕೇಕು ಸಿಕ್ಕಿದ್ದು ಈಗಲೇ, ರುಚಿ ಸತ್ತ ನಾಲಿಗೆಗೆ.

ತೂಕ ನಿಂತಿತು. ಇಳಿಯಲಿಲ್ಲ ಎನ್ನುವುದೇ ನಮಗೆ ಹಬ್ಬ. ಮೂರನೆಯ ಕೀಮೊ ಆಯಿತು. ಅದಾದ ಮೇಲಿನ ಸ್ಕ್ಯಾನಿನಲ್ಲಿ ಕಾಯಿಲೆ ಪಿತ್ತಕೋಶ ದಾಟಿ ಹರಡಿತ್ತು. ಡಾಕ್ಟರು ಅಪ್ಪನನ್ನೂ ನನ್ನನ್ನೂ ಒಳಗೆ ಕರೆದು, ಇನ್ನು ಕೀಮೊ ಬೇಡ, ಮನೆಗೆ ಕರೆದುಕೊಂಡು ಹೋಗಿ, ಏನು ಬೇಡುತ್ತಾರೋ ಕೊಡಿ ಎಂದರು. ಅಪ್ಪ, "ದಿನಕ್ಕ ಎಷ್ಟು ಕ್ಯಾಲರಿ ಸಾರ್?" ಎಂದು ಕೇಳಿದರು. ನಾನು ಅಪ್ಪನ ಕೈ ಹಿಡಿದುಕೊಂಡು ಹೊರಗೆ ಬಂದೆ.

ಅವ್ವನಿಗೆ ನಾವು ಏನನ್ನೂ ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ನಾಲ್ಕೈದು ದಿನ ಬಿಟ್ಟು ತಾನೇ, "ಕೇಕ್ ಮಾಡವಾ. ತಮ್ಮಗೂ ಬರಾಕ ಹೇಳು. ಈ ಸಲ ನಾ ಕೊಯ್ತೀನಿ," ಎಂದಳು.

ಭಾನುವಾರ ಮಧ್ಯಾಹ್ನ ಅವಳನ್ನು ಗೋಡೆಗೆ ದಿಂಬು ಒರಗಿಸಿ ಕೂಡಿಸಿದೆವು. ಅಪ್ಪ ರೂಢಿಯಂತೆ ತಕ್ಕಡಿ ತಂದು ಪಕ್ಕದಲ್ಲಿಟ್ಟು ಗುಂಡಿ ಒತ್ತಿದರು.

"ಅದನ್ನ ಅತ್ಲಾಗ ಇಡ್ರಿ," ಎಂದಳು ಅವ್ವ.

ಅಪ್ಪ ಇಡಲಿಲ್ಲ, ಆದರೆ ಗುಂಡಿ ಒತ್ತಿ ಬಂದ್ ಮಾಡಿದರು. ಅವ್ವ ಚಾಕು ಎತ್ತಿಕೊಂಡಳು. ಚಾಕುವಿನ ಹಿಡಿಕೆಯ ಮೇಲೆ ನನ್ನ ಕೈಯೂ ಇತ್ತು, ಎಲ್ಲಿ ಕೊಯ್ಯಬೇಕೆನ್ನುವುದು ಮಾತ್ರ ಅವಳದೇ. ತಮ್ಮನಿಗೆ ಒಂದು ದೊಡ್ಡದು. ನನಗೆ ಒಂದು. ಎದುರು ಫ್ಲ್ಯಾಟಿನವರಿಗೆ ಎರಡು. ಆಮೇಲೆ ಕಾಗದ ತಗೊಂಡು ಕೆರೆದು, ಒಂದು ಚೂರು ಹೊಪ್ಪಳಿಕೆಯನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಎಷ್ಟು ಗ್ರಾಂ ಎಂದು ಯಾರೂ ಕೇಳಲಿಲ್ಲ.

ಉಳಿದದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ತುಂಡನ್ನು, ಹೆಚ್ಚುಕಡಿಮೆ ಕಾಲು ಭಾಗ ಕೇಕನ್ನು, ಅವಳು ಅಪ್ಪನ ಕಡೆಗೆ ಸರಿಸಿದಳು.

"ಇದು ನಿಮಗ. ಪೂರ್ತಿ ತಿನ್ರಿ. ಎಷ್ಟ ಸೊರಗೀರಿ, ನೋಡ್ಕೊಂಡೀರೇನು?"

ನಾನು ಅಪ್ಪನನ್ನು ನೋಡಿದೆ. ಕುತ್ತಿಗೆಯ ಸುತ್ತ ಅಂಗಿಯ ಕಾಲರು ಸಡಿಲವಾಗಿತ್ತು, ವಾಚು ಮೊಳಕೈ ಕಡೆಗೆ ಜಾರಿತ್ತು. ಅಷ್ಟು ತಿಂಗಳು ಆ ಮನೆಯಲ್ಲಿ ಹಿಟ್ಟು ತೂಗಿದ್ದೆವು, ಕೇಕು ತೂಗಿದ್ದೆವು, ಅವ್ವನನ್ನು ತೂಗಿದ್ದೆವು. ಅಪ್ಪನನ್ನು ಯಾರೂ ತೂಗಿರಲಿಲ್ಲ. ಅವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಳುತ್ತ, ಅವ್ವ ನೋಡುತ್ತಿರುವಂತೆಯೇ ಆ ತುಂಡನ್ನು ಪೂರ್ತಿ ತಿಂದರು.