ಅರ್ಧ ಗಂಟೆ ಸಾಕು ಅಂದಿದ್ದೆ

ನಲವತ್ತೆಂಟು ವರ್ಷ ನನ್ನನ್ನು ನಾನು ದೊಡ್ಡ ಮನಸ್ಸಿನವಳೆಂದು ತಿಳಿದುಕೊಂಡಿದ್ದೆ. ನಾದಿನಿಯ ಹೊಸ ಸೀರೆ ನೋಡಿ ಎರಡು ದಿನ ಮುಖ ಊದಿಸಿಕೊಂಡದ್ದುಂಟು, ಅದೇನು ದೊಡ್ಡ ವಿಷಯವಲ್ಲ. ನಿಜವಾದ ಹೊಟ್ಟೆಕಿಚ್ಚು ಬಂದದ್ದು ಆಮೇಲೆ. ಕುಶಾಲನಗರದ ಹತ್ತಿರ ನಾನು ಕೆಲಸ ಮಾಡುವ, ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸಿನ ಕಂಪ್ಯೂಟರ್ ವಿಭಾಗಕ್ಕೆ ಮೂರ್ನಾಡಿನ ಹುಡುಗಿಯೊಬ್ಬಳು ಸೇರಿದಳು.

ಅಲ್ಲಿಯವರೆಗೆ ಆ ವಿಭಾಗ ಅಂದರೆ ನಾನೊಬ್ಬಳೇ. ಬೆಳೆಗಾರರು ತಂದ ಕಾಫಿಯನ್ನು ಎರಡು ಗೇಟುಗಳಲ್ಲಿ ತೂಗುತ್ತಾರೆ, ಅಲ್ಲಿಯ ಲೆಕ್ಕ ಬರೆಯುವ ರೈಟರ್‌ಗಳು ಒಂದೊಂದು ಮೂಟೆಯ ತೂಕವನ್ನೂ ಒಂದೊಂದು ಸಾಲಾಗಿ ಕಂಪ್ಯೂಟರಿಗೆ ಹಾಕುತ್ತಾರೆ. ಅದಕ್ಕೆ ಬೇಕಾದ ಪ್ರೋಗ್ರಾಂ ಬರೆದವಳು ನಾನು. ಹತ್ತು ನಿಮಿಷಕ್ಕೊಮ್ಮೆ ಹೊಸ ಸಾಲುಗಳು ರುಚಿ ನೋಡುವ ಕೋಣೆಯ ಕಂಪ್ಯೂಟರಿಗೆ ನಕಲಾಗಿ ಹೋಗುತ್ತವೆ. ಒಬ್ಬ ಬೆಳೆಗಾರ ಒಂದು ಸಲಕ್ಕೆ ತಂದ ಮೂಟೆಗಳೆಲ್ಲ ಸೇರಿ ಒಂದು ಲಾಟು; ಅಲ್ಲಿಯ ಪಟ್ಟಿಯಲ್ಲಿ ಇರುವ ಲಾಟಿನಿಂದ ಮಾತ್ರ ಸ್ಯಾಂಪಲ್ ತೆಗೆಯುತ್ತಾರೆ. ಪಟ್ಟಿಯಲ್ಲಿ ಇಲ್ಲದ ಕಾಫಿಯನ್ನು ಯಾರೂ ಹುರಿಯುವುದಿಲ್ಲ, ಕುಡಿದು ನೋಡುವುದಿಲ್ಲ, ಅದು ಎಲ್ಲರದ್ದರ ಜೊತೆ ರಾಶಿಗೆ ಸೇರುತ್ತದೆ.

ಆಗಾಗ ಒಂದು ಲಾಟು ಪಟ್ಟಿಯಿಂದ ಮಾಯವಾಗುತ್ತಿತ್ತು. "ಅಕ್ಕನ್ನ ಕರೀರಿ" ಅನ್ನುತ್ತಿದ್ದರು. ನಾನು ಗಂಭೀರವಾಗಿ ಹೋಗಿ ಇಡೀ ದಿನದ ಸಾಲುಗಳನ್ನು ಮತ್ತೊಮ್ಮೆ ನಕಲು ಮಾಡುತ್ತಿದ್ದೆ, ಲಾಟು ಪ್ರತ್ಯಕ್ಷವಾಗುತ್ತಿತ್ತು. ಯಾಕೆ ಮಾಯವಾಯಿತೆಂದು ನಾನು ಹುಡುಕಲೇ ಇಲ್ಲ. ಕರೆಸಿಕೊಳ್ಳುವುದು ಚೆನ್ನಾಗಿತ್ತಲ್ಲ, ಅದಕ್ಕೆ.

ಆ ಹುಡುಗಿ ಬಂದ ಎರಡನೇ ವಾರಕ್ಕೇ ಹಿಡಿದುಬಿಟ್ಟಳು.

"ಅಕ್ಕ, ಲಾಟು ಮಾಯ ಆಗ್ತಿಲ್ಲ, ತಡವಾಗಿ ಬರ್ತಿದೆ ಅಷ್ಟೆ" ಅಂದಳು. ಮೂಟೆಗೆ ಕಟ್ಟುವ ಚೀಟಿಯ ಹಿಂದೆ ಗೀಟು ಎಳೆದು ತೋರಿಸಿದಳು. "ಎರಡನೇ ಗೇಟಲ್ಲಿ ಹತ್ತು ಗಂಟೆಗೆ ಲಾಟು ತೆರೀತಾರೆ. ಅದರ ಎಲ್ಲಾ ಸಾಲಿಗೂ ಹತ್ತು ಗಂಟೆ ಅಂತಲೇ ಹೊತ್ತು ಬೀಳುತ್ತೆ. ಆದ್ರೆ ಸೇವ್ ಒತ್ತೋದು ಹತ್ತೂ ಇಪ್ಪತ್ತಕ್ಕೆ. ಅಲ್ಲೀವರೆಗೆ ಆ ಸಾಲು ಬೇರೆ ಯಾರ ಕಣ್ಣಿಗೂ ಬೀಳಲ್ಲ. ಅಷ್ಟರಲ್ಲಿ ಮೊದಲನೇ ಗೇಟಲ್ಲಿ ಹತ್ತೂ ಹನ್ನೆರಡಕ್ಕೆ ಒಂದು ಸಣ್ಣ ಲಾಟು ತೆರೆದು ತಕ್ಷಣ ಸೇವ್ ಮಾಡ್ತಾರೆ. ಹತ್ತೂ ಹದಿನೈದಕ್ಕೆ ನಕಲು ಮಾಡೋವಾಗ ನಮ್ಮ ಕಂಪ್ಯೂಟರು ಅದನ್ನ ನೋಡಿ, 'ಹತ್ತೂ ಹನ್ನೆರಡರವರೆಗೆ ಮುಗೀತು' ಅಂತ ಗುರುತು ಹಾಕ್ಕೊಳ್ಳುತ್ತೆ. ಮುಂದಿನ ಸಲ ಅದರಿಂದ ಈಚೆಗಿನದ್ದನ್ನ ಮಾತ್ರ ಕೇಳುತ್ತೆ. ಹತ್ತು ಗಂಟೆಯ ಲಾಟನ್ನ ಇನ್ಯಾವತ್ತೂ ಕೇಳಲ್ಲ."

ಅಯ್ಯೋ ಶಿವನೇ, ಇಷ್ಟೇನಾ! ನನ್ನದೇ ಪ್ರೋಗ್ರಾಂ, ನನ್ನ ಕಣ್ಣೆದುರೇ ಇತ್ತು. ಮೈಯೆಲ್ಲ ಉರಿದುಹೋಯಿತು.

"ಗುರುತಿನಿಂದ ಸ್ವಲ್ಪ ಹಿಂದಕ್ಕೆ ಹೋಗಿ ಪ್ರತಿ ಸಲವೂ ಮತ್ತೆ ಓದಿದ್ರೆ ಸಾಕು ಅಕ್ಕ. ಆಗಲೇ ಬಂದಿರೋ ಸಾಲು ಮತ್ತೆ ಬಂದ್ರೂ ಅದರ ನಂಬರಿನ ಮೇಲೇ ಬರೆಯುತ್ತೆ, ಎರಡೆರಡು ಆಗಲ್ಲ."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಮ್ಯಾನೇಜರು, "ಭೇಷ್! ಇಷ್ಟು ವರ್ಷ ಯಾರಿಗೂ ಹೊಳೀಲಿಲ್ವಲ್ಲ" ಅಂದರು. ಆ ಯಾರಿಗೂ ಅಂದರೆ ನಾನೇ. ವಿಭಾಗದಲ್ಲಿ ಇನ್ಯಾರಿದ್ದರು?

ಅವರು ಹೋದ ಮೇಲೆ ಹುಡುಗಿ ಕೇಳಿದಳು: "ಎಷ್ಟು ಹಿಂದಕ್ಕೆ ಹೋಗ್ಬೇಕು ಅನ್ನೋದೊಂದೇ ಈಗ ಉಳಿದಿರೋದು. ಲಾಟು ತೆರೆದು ಸೇವ್ ಮಾಡೋಕೆ ಹಿಡಿಯೋ ಅತಿ ಹೆಚ್ಚು ಹೊತ್ತಿಗಿಂತ ಜಾಸ್ತಿ ಇರ್ಬೇಕು. ಗೇಟಿನ ಕೆಲಸ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಕ್ಕ? ಎಷ್ಟು ಹಿಡಿಯುತ್ತೆ?"

ನನಗೆ ಗೊತ್ತಿತ್ತು. ಎರಡನೇ ಗೇಟಿನ ರೈಟರಿಗೆ ಒಂದು ಅಭ್ಯಾಸ. ದೂರದಿಂದ ಬಂದ ಬೆಳೆಗಾರರನ್ನು ಊಟದ ಹೊತ್ತಿಗೆ ಹಸಿದ ಹೊಟ್ಟೆಯಲ್ಲಿ ನಿಲ್ಲಿಸುವವರಲ್ಲ. ಅರ್ಧ ತೂಗಿದ್ದರೂ ಸರಿ, ಅವರನ್ನು ಕರೆದುಕೊಂಡು ಕ್ಯಾಂಟೀನಿಗೆ ಹೋಗಿ, ಉಂಡು, ಎಲೆಯಡಿಕೆ ಹಾಕಿ ಬಂದು ಉಳಿದದ್ದನ್ನು ತೂಗುತ್ತಾರೆ. ಲಾಟು ತೆರೆದೇ ಇರುತ್ತದೆ. ಅರ್ಧ ಲಾಟು ಸೇವ್ ಮಾಡಬೇಡಿ ಅಂತ ಅವರಿಗೆ ತಾಕೀತು ಮಾಡಿದ್ದವಳು ನಾನೇ. ಆ ಲಾಟು ಸೇವ್ ಆಗಲು ಹತ್ತಿರ ಹತ್ತಿರ ಎರಡು ಗಂಟೆ ಬೇಕು.

"ಅರ್ಧ ಗಂಟೆ ಸಾಕು ಕಣೆ" ಅಂದೆ.

"ಇರ್ಲಿ, ಮುಕ್ಕಾಲು ಗಂಟೆ ಇಡ್ತೀನಿ" ಅಂದಳು.

ಮೂರು ವಾರ ಒಂದು ಲಾಟೂ ತಪ್ಪಲಿಲ್ಲ. ಊಟದ ಹೊತ್ತಿಗೆ ದೊಡ್ಡ ಲಾಟು ಬಂದಿರಲಿಲ್ಲ, ಅಷ್ಟೆ. ನನ್ನನ್ನು ಯಾರೂ ಕರೆಯಲಿಲ್ಲ. ಪ್ರಿಂಟರಿನ ಕಾಗದ ಸಿಕ್ಕಿಕೊಂಡರೂ "ಆ ಹುಡುಗೀನ ಕೇಳಿ" ಅನ್ನತೊಡಗಿದರು. ಕ್ಯಾಂಟೀನಿನವನು ಅವಳ ಟೀಗೆ ಏಲಕ್ಕಿ ಹಾಕುತ್ತಿದ್ದ, ನನ್ನದಕ್ಕಿಲ್ಲ. ನಗಬೇಡಿ, ಇಂಥದ್ದೆಲ್ಲ ಎಣಿಸಿಕೊಂಡು ಕೂತಿದ್ದೆ.

ಹೊರಗಿನಿಂದ ಖರೀದಿದಾರರು ರುಚಿ ನೋಡಲು ಬರುವ ಹಿಂದಿನ ದಿನ ಗಾಳಿಬೀಡಿನ ಬೆಳೆಗಾರರೊಬ್ಬರು ಜೀಪಿನಲ್ಲಿ ಕಾಫಿ ತಂದರು. ಒಂದು ಸಣ್ಣ ತೋಟದ ಹಣ್ಣನ್ನು ಬೇರೆಯಾಗಿ ಆರಿಸಿ, ತೊಳೆದು, ನೆರಳಲ್ಲಿ ಒಣಗಿಸಿದ್ದರಂತೆ. ನನ್ನನ್ನು ಕಂಡು, "ಈ ಸಲ ನಮ್ದು ಟೇಬಲ್ಲಿಗೆ ಬರುತ್ತಲ್ಲಮ್ಮ? ಅವ್ರು ಒಂದು ಚಮಚ ಕುಡಿದು ನೋಡಿದ್ರೆ ಸಾಕು" ಅಂದರು. "ಬರುತ್ತೆ ಬಿಡಿ" ಅಂದೆ.

ಹನ್ನೆರಡೂವರೆಗೆ ಎರಡನೇ ಗೇಟಿನಲ್ಲಿ ತೂಕ ಶುರುವಾಯಿತು. ಒಂದು ಗಂಟೆಗೆ ಕಿಟಕಿಯಿಂದ ನೋಡಿದರೆ ಅರ್ಧ ಮೂಟೆಗಳು ಇನ್ನೂ ಜೀಪಿನಲ್ಲೇ ಇವೆ, ರೈಟರು ಆ ಬೆಳೆಗಾರರ ಹೆಗಲ ಮೇಲೆ ಕೈಯಿಟ್ಟು ಕ್ಯಾಂಟೀನಿನ ಕಡೆ ನಡೆಯುತ್ತಿದ್ದಾರೆ. ಹುಡುಗಿ ಪಕ್ಕದ ಮೇಜಿನಲ್ಲೇ ಇದ್ದಳು. ಒಂದು ಮಾತು ಸಾಕಿತ್ತು. ನಾನು ಬುತ್ತಿ ಬಿಚ್ಚಿ ಊಟ ಮಾಡಿದೆ. ಇವಳ ಜಾಣತನಕ್ಕೂ ಒಂದು ಏಟು ಬೀಳಲಿ ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ಲಾಟು ಸೇವ್ ಆದದ್ದು ಎರಡೂ ಕಾಲಿಗೆ. ಅಷ್ಟರಲ್ಲಿ ಮೊದಲನೇ ಗೇಟಿನ ಲಾಟುಗಳಿಂದಾಗಿ ಗುರುತು ಎರಡು ಗಂಟೆ ದಾಟಿತ್ತು. ಮುಕ್ಕಾಲು ಗಂಟೆ ಹಿಂದಕ್ಕೆ ಹೋದರೂ ಹನ್ನೆರಡೂವರೆ ಸಿಗಲಿಲ್ಲ. ಸಂಜೆ ಪಟ್ಟಿ ನೋಡಿ ಸ್ಯಾಂಪಲ್ ತೆಗೆದರು.

ಮರುದಿನ ಖರೀದಿದಾರರು ಮಧ್ಯಾಹ್ನದೊಳಗೆ ರುಚಿ ನೋಡಿ ಮುಗಿಸಿ ಹೊರಟುಹೋದರು. ಗಾಳಿಬೀಡಿನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಬಟ್ಟಲುಗಳ ಮುಂದಿನ ಚೀಟಿಗಳನ್ನೆಲ್ಲ ಓದುತ್ತಾ ಎರಡು ಸುತ್ತು ಹಾಕಿ, ನಮ್ಮ ಕೋಣೆಗೆ ಬಂದು, "ನಮ್ದು ಇಲ್ವಲ್ಲ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮ್ಯಾನೇಜರು ಸಿಡಿದರು. "ಮುಕ್ಕಾಲು ಗಂಟೆ ಅಂತ ಇಟ್ಟಿದ್ದು ಯಾರು?"

"ನಾನು ಸಾರ್" ಅಂದಳು ಹುಡುಗಿ. "ಅಳೆದು ನೋಡ್ದೆ ಇಟ್ಟೆ. ತಪ್ಪು ನಂದು." ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನೋಡಿ ನನ್ನ ಬುದ್ಧಿ. ಆಗಲೂ ನನಗೆ ಹೊಟ್ಟೆ ಉರಿಯಿತು. ತಪ್ಪನ್ನೂ ಎಷ್ಟು ಚೆಂದವಾಗಿ ಹೊತ್ತುಕೊಂಡಳು, ನನಗೆ ಯಾವತ್ತೂ ಹಾಗೆ ಆಗಲಿಲ್ಲವಲ್ಲ ಅಂತ. ಬೆಳೆಗಾರರೇ ಅವಳನ್ನು ಸಮಾಧಾನ ಮಾಡುತ್ತಿದ್ದರು, "ಹೋಗ್ಲಿ ಬಿಡು ಮಗಳೇ, ಬರೋ ವರ್ಷ ನೋಡುವ" ಅಂತ. ಅದನ್ನು ಕೇಳಿ ನನ್ನಿಂದ ತಡೆಯಲಾಗಲಿಲ್ಲ.

"ಅವಳು ನನ್ನನ್ನ ಕೇಳಿದ್ಲು" ಅಂದೆ. "ಅರ್ಧ ಗಂಟೆ ಸಾಕು ಅಂತ ನಾನೇ ಹೇಳಿದ್ದು. ಊಟದ ವಿಷಯ ನನಗೆ ಗೊತ್ತಿತ್ತು. ನಿನ್ನೆ ಕಿಟಕೀಲಿ ನೋಡಿಯೂ ಇದ್ದೆ."

ಬೆಳೆಗಾರರು ನನ್ನನ್ನು ಒಂದು ಗಳಿಗೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದರು.

ಎಲ್ಲರೂ ಹೋದ ಮೇಲೆ ಹುಡುಗಿ ಕಂಪ್ಯೂಟರಿನ ಮುಂದೆ ಕೂತಳು. ಎರಡನೇ ಗೇಟಿನ ಇಡೀ ಸೀಸನ್ನಿನ ಲಾಟುಗಳನ್ನು ತೆಗೆದು, ಒಂದೊಂದೂ ಎಷ್ಟು ಹೊತ್ತು ತೆರೆದಿತ್ತೆಂದು ತಾನೇ ಅಳೆದಳು. ನಾಲ್ಕು ಗಂಟೆ ಹಿಂದಕ್ಕೆ ಓದುವ ಹಾಗೆ ಬದಲಿಸಿದಳು. ನಾನು ಏನಾದರೂ ಹೇಳಲೆಂದು ಹತ್ತಿರ ಹೋಗಿ ನಿಂತೆ.

"ಪರವಾಗಿಲ್ಲ ಮೇಡಂ, ನಾನು ನೋಡ್ಕೋತೀನಿ" ಅಂದಳು.