ಹೊತ್ತು ಗೊತ್ತುಮಾಡಿ ಹಾಡುವವಳು
ನಮ್ಮ ಎದುರುಮನೆಯ ಗಾಯಕಿ ಗಂಟಲನ್ನು ಹಸುಗೂಸಿನಂತೆ ಸಾಕುತ್ತಾಳೆ: ಫ್ಯಾನಿನ ಕೆಳಗೆ ಕೂರುವುದಿಲ್ಲ, ತಣ್ಣೀರು ಮುಟ್ಟುವುದಿಲ್ಲ, ಜಗಳವನ್ನೂ ಮೆಲುದನಿಯಲ್ಲೇ ಆಡುತ್ತಾಳೆ. ಬಂದ ವಾರವೇ ಎಲ್ಲರ ಬಾಗಿಲಡಿ ಚೀಟಿ ತೂರಿಸಿದಳು: 'ಹಗಲು ಹತ್ತರಿಂದ ಹನ್ನೆರಡು ಅಭ್ಯಾಸ ಮಾಡುತ್ತೇನೆ. ಕಿಟಕಿ ಮುಚ್ಚಿರುತ್ತೇನೆ, ಭಾನುವಾರ ಹಾಡುವುದಿಲ್ಲ. ಮನೆಯಲ್ಲಿ ಪರೀಕ್ಷೆ, ಕಾಯಿಲೆ ಇದ್ದರೆ ಬಾಗಿಲು ತಟ್ಟಿ, ನಿಲ್ಲಿಸುತ್ತೇನೆ. ಈ ಹೊತ್ತು ಒಗ್ಗದಿದ್ದರೆ ಬೇರೆ ಹೇಳಿ.' "ಕ್ಷಮಿಸಿ ಅಂತ ಒಂದು ಮಾತು ಸೇರಿಸಬಾರದಿತ್ತೇನಮ್ಮ?" ಎಂದೆ. "ಯಾಕಣ್ಣ, ನಾನೇನು ಕದ್ದಿದೀನಾ?" ಎಂದಳು. ಬೀದಿಯಲ್ಲಿ ಘೋಷಣೆ ಕೂಗಿ ಗಂಟಲು ಹರಿದುಕೊಂಡ ನನಗೆ ಆ ಮಾತು ಹಿಡಿಸಿತು. ಅವಳ ಕೆಳಮನೆಯ ನರ್ಸ್ ಮಾತ್ರ ಕಣ್ಣುಜ್ಜುತ್ತ ಹತ್ತಿಬಂದಳು: "ಅಕ್ಕಾ, ನಂದು ರಾತ್ರಿ ಡ್ಯೂಟಿ. ನಿಮ್ಮ ಹತ್ತು ಗಂಟೆ ನನಗೆ ನಡುರಾತ್ರಿ." ಹಗಲಲ್ಲಿ ಊರೆಲ್ಲ ಎದ್ದಿರುತ್ತದೆಂದು ನಂಬಿದ್ದ ಗಾಯಕಿ ಅಂದೇ 'ಸಂಜೆ ನಾಲ್ಕರಿಂದ ಆರು' ಎಂದು ತಿದ್ದಿ, ಹೊಸ ಚೀಟಿ ಹಿಡಿದು ಮತ್ತೆ ಮನೆಮನೆ ಅಲೆದಳು. ಇಷ್ಟಕ್ಕೂ ಇವಳು, ಹಿಂದಿನ ಬಾಡಿಗೆಮನೆಯಲ್ಲಿ ಯಾರನ್ನೂ ಕೇಳುವ ಧೈರ್ಯವಿಲ್ಲದೆ, ವರ್ಷವಿಡೀ ಬಟ್ಟೆ ಬೀರುವಿನೊಳಗೆ ತಲೆಯಿಟ್ಟು ಹಾಡಿದವಳು. ಮೇಲಿನ ಸ್ವರಗಳು ಅಲ್ಲೇ ಕಮರಿದ್ದವು. ಈಗಲೂ ನಾಲ್ಕಕ್ಕೆ ಅವಳ ದನಿ ಅಳುಕುತ್ತಲೇ ಹೊರಡುತ್ತದೆ. ಆಗ ಕೆಳಗಿನಿಂದ ನರ್ಸ್ ಕೂಗುತ್ತಾಳೆ: "ಎದ್ದಿದೀನಕ್ಕಾ, ಬಾಯಿಬಿಟ್ಟು ಹಾಡಿ!"