ಭದ್ರಾವತಿ ಮುಟ್ಟದ ಸುವಾಸನೆ

ಬೇಸಿಗೆ ಕಳೆಯುವ ತನಕ ಮಾತ್ರ ಎಂದು ಶಿವಮೊಗ್ಗದಲ್ಲಿ ಸೋದರಮಾವನ ಸೆಂಟಿನ ಅಂಗಡಿಗೆ ಸೇರಿದ್ದೆ. ಮಳೆ ಹಿಡಿದ ಮೇಲೆ ನನ್ನನ್ನು ಕಾನೂನು ಓದಲು ಬೆಳಗಾವಿಗೆ ಕಳಿಸಲು ಮಾವ ಒಪ್ಪಿದ್ದರು.

ಒಂದು ಮಧ್ಯಾಹ್ನ ಭದ್ರಾವತಿಯ ಕಾರ್ಖಾನೆ ಗುಮಾಸ್ತರೊಬ್ಬರು ನಮ್ಮಲ್ಲೇ ಕೊಂಡಿದ್ದ ಸೆಂಟಿನ ಸೀಸೆಯನ್ನು ಮೇಜಿನ ಮೇಲೆ ಕುಕ್ಕಿದರು.

“ನೀರು ಬೆರೆಸಿ ಮಾರ್ತೀರೇನ್ರೀ? ರೈಲು ಭದ್ರಾವತಿ ಮುಟ್ಟೋದ್ರೊಳಗೆ ವಾಸನೆ ಮಾಯ!”

ಮಾವ ಸೀಸೆ ಎತ್ತಿ ಮೂಸಿ ನೋಡಿದರು. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನ್ನ ನಾಲಗೆ ಸುಮ್ಮನಿರಲಿಲ್ಲ.

“ಹೆಂಗೆ ಹಚ್ಕೊಂಡ್ರಿ?”

“ಅತ್ತರ್ ಥರಾನೇ. ಹತ್ತಿಗೆ ಒಂದು ಹನಿ ಹಾಕಿ ಕಿವೀಲಿಟ್ಕೊಂಡೆ.”

“ಅತ್ತರು ಎಣ್ಣೆ ಸ್ವಾಮಿ, ನಿಧಾನಕ್ಕೆ ಆರುತ್ತೆ. ಇದು ಓ ದ ಟಾಯ್ಲೆಟ್ ಅನ್ನೋ ತೆಳು ಸೆಂಟು. ಬಹುಪಾಲು ಬೇಗ ಹಾರಿಹೋಗೋ ಸ್ಪಿರಿಟ್ಟು, ಸುಗಂಧದ ಎಣ್ಣೆ ಕಮ್ಮಿ. ಓ ದ ಪರ್ಫಂ ಅಂತ ಇನ್ನೊಂದು ಬಗೆ ಇದೆ, ಅದರಲ್ಲಿ ಎಣ್ಣೆ ಜಾಸ್ತಿ, ಅದು ಹೆಚ್ಚು ಹೊತ್ತು ನಿಲ್ಲುತ್ತೆ. ಇದೇ ಸಾಕು ಅಂದ್ರೆ, ಸ್ನಾನ ಮಾಡಿ ಮೈ ಒರೆಸ್ಕೊಂಡು, ವಾಸನೆ ಇಲ್ಲದ ಎಣ್ಣೆ ಚೂರು ಸವರಿ, ಅದರ ಮೇಲೆ ಇದನ್ನ ಹಚ್ಕೊಳ್ಳಿ. ತಿಕ್ಕಬೇಡಿ. ಬನಿಯನ್ನಿಗೂ ಚಿಮುಕಿಸಿ. ಈ ಸೆಕೆಗೆ ಸಂಜೆ ಇನ್ನೊಂದ್ಸಲ ಬೇಕೇ ಬೇಕು.”

ಅವರು ಸೀಸೆ ಎತ್ತಿಕೊಂಡು ಹೋದರು. ಕೆಲವು ದಿನಗಳಲ್ಲೇ ಕಾರ್ಖಾನೆಯ ಗೆಳೆಯರನ್ನು ಕರೆತಂದು, “ಇವ್ರೇ ನಮ್ಮ ಲಾಯರ್ ಸಾಹೇಬ್ರು!” ಎಂದು ನನ್ನನ್ನು ತೋರಿಸಿದರು.

ಮಾವ ಹಿಗ್ಗಿಹೋದರು. “ಬೆಳಗಾವಿ ಯಾಕೆ ಮಾರಾಯ? ನಿನ್ನ ಕೋರ್ಟು ಇಲ್ಲೇ ಇದೆಯಲ್ಲ!”

ಕೊಟ್ಟ ಮಾತಿಗೆ ತಪ್ಪಬಾರದೆಂದು ವಾದಿಸಿದೆ. ನಾನು ಬಲವಾಗಿ ವಾದಿಸಿದಷ್ಟೂ ಮಾವ ಗಿರಾಕಿಗಳತ್ತ ತಿರುಗಿ, “ನೋಡಿದ್ರಾ, ಹೆಂಗೆ ಮಾತಾಡ್ತಾನೆ! ಇವನನ್ನ ಬಿಟ್ಟುಕೊಡೋಕಾಗುತ್ತಾ?” ಎನ್ನುತ್ತಿದ್ದರು.

ಮಳೆ ಹಿಡಿಯಿತು. ನಾನಿನ್ನೂ ಮೇಜಿನ ಹಿಂದೆಯೇ ನಿಂತಿದ್ದೆ.